ಹೊಸಬರಿಗೆ: ಲ್ಯಾಪ್‌ಟಾಪ್, ಎರಡು ಹಂತದ ಲಾಗಿನ್

ಎಲ್ಲರಿಗೂ ನಮಸ್ಕಾರ, ಪುಣೆ ಆಫೀಸಿಗೆ ಸ್ವಾಗತ. ಇವತ್ತು ಸೇರಿದವರೆಲ್ಲ ಸಂಜೆ 4ರೊಳಗೆ ಲಾಗಿನ್ ಕೆಲಸ ಮುಗಿಸಿಕೊಳ್ಳಿ.

ಮೊದಲು ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ, ಲಕೋಟೆಯಲ್ಲಿರೋ ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ಕೂಡಲೇ ಅದನ್ನ ಬದಲಾಯಿಸಿ. ಅಪ್‌ಡೇಟ್ ಮುಗಿಯೋವರೆಗೂ ಮುಚ್ಚಬೇಡಿ.

ಆಮೇಲೆ ಫೋನಿಗೆ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡು, ಲ್ಯಾಪ್‌ಟಾಪ್ ಪರದೆ ಮೇಲಿನ ಕ್ಯೂಆರ್ ಕೋಡನ್ನು ಆ ಆ್ಯಪ್‌ನಿಂದಲೇ ಸ್ಕ್ಯಾನ್ ಮಾಡಿ. ಅದು ತೋರಿಸೋ 6 ಅಂಕಿಯ ಕೋಡನ್ನ ಲ್ಯಾಪ್‌ಟಾಪಲ್ಲಿ ಹಾಕಿ, ಅದು 30 ಸೆಕೆಂಡಿಗೊಮ್ಮೆ ಬದಲಾಗುತ್ತೆ. ಕೋಡ್ ತೋರಿಸೋಕೆ ಆ್ಯಪ್‌ಗೆ ನೆಟ್‌ವರ್ಕ್ ಬೇಡ, ಆದರೆ ಫೋನಿನ ಗಡಿಯಾರ ಸರಿ ಇರಲೇಬೇಕು. ಹೋದ ಸಲ ಬೆಳಗಾವಿಯಿಂದ ಬಂದ ಹುಡುಗನೊಬ್ಬನಿಗೆ ಮೂರು ಸಲ ಕೋಡ್ ತಪ್ಪು ಅಂತಲೇ ಬಂತು. ನೋಡಿದರೆ ಅವನ ಫೋನ್ 4 ನಿಮಿಷ ಮುಂದಿತ್ತು! ಸೆಟ್ಟಿಂಗ್ಸಲ್ಲಿ ಸಮಯವನ್ನ ಆಟೋಮ್ಯಾಟಿಕ್ ಮಾಡಿದ ಮೇಲೆ ಮುಂದಿನ ಕೋಡೇ ಹಿಡೀತು. ನೀವೂ ಮೊದಲೇ ನೋಡಿಕೊಳ್ಳಿ.

ಕೊನೆಗೆ ಬರುವ ಬ್ಯಾಕಪ್ ಕೋಡುಗಳು ಫೋನ್ ಇಲ್ಲದಾಗ ಲಾಗಿನ್ ಆಗೋಕೆ, ಅವನ್ನ ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಸ್ಕ್ರೀನ್‌ಶಾಟ್ ಅದೇ ಫೋನಲ್ಲಿದ್ದರೆ, ಫೋನ್ ಕಳೆದ ದಿನ ಅದೂ ಹೋಗುತ್ತೆ. ಲಾಗಿನ್ ಕೋಡನ್ನ ಯಾರಿಗೂ ಹೇಳಬೇಡಿ, ನಾನು ಕೇಳಿದರೂ.

ಮುಗಿದವರು ಇಲ್ಲೇ ‘ಆಯ್ತು’ ಅಂತ ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಬರೆಯಿರಿ, ನಿಮ್ಮ ಡೆಸ್ಕಿಗೇ ಬರ್ತೀನಿ. ಪರದೆಯ ಫೋಟೋ ಕಳಿಸೋದಾದರೆ ಕ್ಯೂಆರ್ ಕೋಡ್ ಕಾಣದ ಹಾಗೆ ತೆಗೀರಿ.