ಚಿಕ್ಕಪ್ಪನಿಗೆ ಒಂದು ಮೆಸೇಜ್ ಬರೆಯೋ

ಪ್ರೀತಿಯ ಪುಟ್ಟು,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇದು ಅಕ್ಷರದ ವಿಷಯ, ನೀನು ಕಣ್ಣಾರೆ ನೋಡಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನಿನ್ನ ಚಿಕ್ಕಪ್ಪ ನಿನಗೊಂದು ಮೆಸೇಜ್ ಕಳಿಸಿದ್ದ. "bele bittu kano" ಅಂತ. ನೀನು ತಕ್ಷಣ "swalpa dina idi chikkappa, erutte" ಅಂತ ಉತ್ತರ ಕೊಟ್ಟೆ. ನಿನ್ನ ತಪ್ಪಿಲ್ಲ. ರಾಗಿ ಬೆಲೆ ಬಿತ್ತು ಅಂತ ಓದಿಕೊಂಡೆ, ಮಾರದೆ ಸ್ವಲ್ಪ ದಿನ ಇಟ್ಟುಕೊಳ್ಳಿ ಅಂದೆ. ಅವನು ಹೇಳಿದ್ದು ಬೆಳೆ ಬಿತ್ತು ಅಂತ. ಕೊಯ್ಲಿಗೆ ಬಂದ ರಾಗಿ ಎರಡು ದಿನದ ಮಳೆಗೆ ಮಲಗಿಬಿಟ್ಟಿತ್ತು. ತೆನೆ ನೆಲ ಮುಟ್ಟಿ ನೆನೆದರೆ ಅಲ್ಲೇ ಮೊಳಕೆ ಬರುತ್ತೆ, ನಿನಗೆ ಗೊತ್ತಲ್ವಾ. ಅವನು ಗದ್ದೆಯಂತಾದ ಹೊಲದಲ್ಲಿ ನಿಂತು ನಿನ್ನ ಉತ್ತರ ಓದಿದ. ಸಂಜೆ ಮನೆಗೆ ಬಂದು ಫೋನ್ ನನ್ನ ಕೈಗೆ ಕೊಟ್ಟ, ಏನೂ ಮಾತಾಡಲಿಲ್ಲ.

ಬೆಲೆ, ಬೆಳೆ, ಬೇಳೆ. ಮೂರನ್ನೂ ನಾವು bele ಅಂತಲೇ ಬರೆಯುತ್ತೇವೆ. ಲ ಮತ್ತು ಳ ಇಂಗ್ಲಿಷಿನಲ್ಲಿ ಒಂದೇ l. ಎ ಮತ್ತು ಏ ಒಂದೇ e. ಹಾಗೇ male ಅಂದರೆ ಮಳೆಯೋ, ಮಾಲೆಯೋ? ಎದುರಿಗೆ ಕೂತು ಮಾತಾಡುವಾಗ ನಾಲಿಗೆ ಹೇಳುತ್ತೆ. ಪರದೆಯ ಮೇಲೆ ಓದುವವನು ಊಹಿಸಬೇಕು. ಊಟ ಆಯ್ತಾ, ಬಸ್ ಸಿಕ್ತಾ ಅನ್ನೋ ಮಾತಿಗೆ ಊಹೆ ಸಾಕು. ಬೇಜಾರಾದಾಗ ಬರೆದ ಮೂರು ಪದಕ್ಕೆ ಸಾಲದು.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಚಿಕ್ಕಪ್ಪ ಯಾರಿಗೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವನಲ್ಲ. ನೀನು ಹಾಗೆ ಬರೆಯುತ್ತೀಯ ಅಂತ ನಿನಗೋಸ್ಕರ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದ.

ಕನ್ನಡ ಅಕ್ಷರದಲ್ಲಿ ಬರೆದರೆ ಕೋಪ ಮಾಡಿಕೊಂಡ ಹಾಗೆ, ನೋಟಿಸ್ ಕೊಟ್ಟ ಹಾಗೆ ಕಾಣುತ್ತೆ ಅಂತ ನೀನು ಒಮ್ಮೆ ಹೇಳಿದ್ದೆ. ಅದನ್ನು ನಾನು ಸುಮ್ನೆ ತಳ್ಳಿಹಾಕಲಿಲ್ಲ. "barthini" ಅಂದರೆ ಹಗುರ, "ಬರುತ್ತೇನೆ" ಅಂದರೆ ಬಿಗಿ, ನಿಜ. ಆದರೆ ಆ ಬಿಗಿ ಲಿಪಿಯದ್ದಲ್ಲ. ಕನ್ನಡ ಕೀಲಿಮಣೆ ತೆಗೆದ ಕೂಡಲೇ ನಾವು ಶಾಲೆಯ ಪ್ರಬಂಧದ ಭಾಷೆಗೆ ಹೋಗಿಬಿಡುತ್ತೇವೆ. "ಬರ್ತೀನಿ" ಅಂತ ಬರೆದು ನೋಡು. "ಬರ್ತೀನಿ ಕಣಮ್ಮ, ಕಾಯ್ಬೇಡ" ಅಂತ ನಿನ್ನ ಅಮ್ಮನಿಗೆ ಕಳಿಸಿ ನೋಡು. ನಿನ್ನ ದನಿ ಕೇಳಿಸುತ್ತೆ, ಆ ದೀರ್ಘ ಕೂಡ ಇದ್ದ ಹಾಗೇ ಕೇಳಿಸುತ್ತೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಅಭ್ಯಾಸ ಬಂದದ್ದಕ್ಕೂ ಕಾರಣ ಇದೆ. ಹಿಂದೆ ಎಷ್ಟೋ ಫೋನುಗಳಲ್ಲಿ ಕನ್ನಡವೇ ಇರಲಿಲ್ಲ. ಇದ್ದರೂ ಎಸ್ಸೆಮ್ಮೆಸ್ ದುಬಾರಿ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ ಸಾಮಾನ್ಯವಾಗಿ 70. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಕ್ಷಮಿಸಿ" ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿನ ಲೆಕ್ಕದಲ್ಲಿ ಏಳು. ವಾಟ್ಸಾಪಿನಲ್ಲಿ ಆ ಲೆಕ್ಕವೇ ಇಲ್ಲ. ಬೆರಳಿಗೆ ಮಾತ್ರ ಹಳೇ ರೂಢಿ ಉಳಿದಿದೆ.

ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಲಿಮಣೆ ನಿನ್ನ ಫೋನಿನಲ್ಲೂ ಸಿಗುತ್ತೆ. ಅದರಲ್ಲೂ ಒಂದು ಎಚ್ಚರ ಬೇಕು. bele ಅಂತ ಒತ್ತಿದರೆ ಮೇಲೆ ಕೆಲವು ಪದ ತೋರಿಸಿ, ಮೊದಲನೆಯದನ್ನು ತಾನೇ ಹಾಕಿಬಿಡಬಹುದು. ಅದು ಬೆಲೆಯೇ ಆಗಿದ್ದರೆ ಮತ್ತೆ ಅದೇ ಗೋಳು. ಲ, ಳ ಇರುವ ಪದವನ್ನು ಕಳಿಸುವ ಮುಂಚೆ ಒಮ್ಮೆ ಓದು. ಕನ್ನಡ ಅಕ್ಷರಗಳೇ ಇರುವ ಕೀಲಿಮಣೆ ರೂಢಿಯಾದರೆ ಈ ತೊಂದರೆ ಇಲ್ಲ, ಅಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಒತ್ತಬೇಕು.

ನಿನ್ನ ಅತ್ತೆಯ ಮಗಳು ಅಮೆರಿಕದಲ್ಲೇ ಬೆಳೆದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರಲ್ಲ. ಅವಳಿಗೆ ಇಂಗ್ಲಿಷ್ ಅಕ್ಷರದಲ್ಲೇ ಬರಿ. ಅವಳಿಗೆ ಬರಹದಲ್ಲಿ ಕನ್ನಡ ತಲುಪಲು ಈಗ ಇರುವ ದಾರಿ ಅದೊಂದೇ. ಸ್ನೇಹಿತರ ಜೊತೆ ಹೇಗೆ ಬರೆಯುತ್ತೀಯೋ ಅದು ನಿನ್ನಿಷ್ಟ. ಆದರೆ ಯಾರಿಗಾದರೂ ಸಾವಿನ ಸುದ್ದಿ, ಕ್ಷಮೆ, ದುಡ್ಡಿನ ಮಾತು ಬರೆಯುವಾಗ ಓದುವವರಿಗೆ ಯಾವ ಅಕ್ಷರ ಬರುತ್ತೋ ಅದರಲ್ಲಿ ಬರಿ.

ಚಿಕ್ಕಪ್ಪನಿಗೆ ನಾನು ಎಲ್ಲ ಬಿಡಿಸಿ ಹೇಳಿದ್ದೇನೆ. ಆದರೂ ನೀನೇ ಬರಿ. "ಚಿಕ್ಕಪ್ಪ, ನೀವು ಬೆಳೆ ಅಂದಿದ್ದು, ನಾನು ಬೆಲೆ ಅಂತ ಓದ್ಕೊಂಡೆ. ಎಷ್ಟು ಉಳೀತು?" ಇಷ್ಟು ಸಾಕು. ಬಿಸಿಲು ಬಂದಿದೆ, ಮೇಲಿನ ಹೊಲದ ರಾಗಿ ಇನ್ನೂ ನಿಂತಿದೆ. ಭಾನುವಾರ ಕೊಯ್ಲು ಇಟ್ಟುಕೊಂಡಿದ್ದಾನೆ. ಅಷ್ಟರೊಳಗೆ ಕಳಿಸು.

ನಿನ್ನ,
ದೊಡ್ಡಪ್ಪ