ಸ್ಟ್ರೋಕ್ ಆದಾಗ ಆಸ್ಪತ್ರೆಗೆ ಫೋನ್ ಮಾಡಿ ಏನು ಕೇಳಬೇಕು?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಹೋಗಿದ್ದೆವು. ಅಪ್ಪನಿಗೆ 66 ವರ್ಷ. ಬಿಪಿ, ಶುಗರ್ ಎರಡೂ ಇವೆ. ಗೃಹಪ್ರವೇಶದ ಮರುದಿನ ಬೆಳಿಗ್ಗೆ 6.15ಕ್ಕೆ ಕಾಫಿ ಕುಡಿದು, ಪೇಪರ್ ಬಂತಾ ಎಂದು ಕೇಳಿ ಬಚ್ಚಲಿಗೆ ಹೋದರು. 6.40ಕ್ಕೆ ತಂಗಿ ಬಾಗಿಲು ತಟ್ಟಿದಾಗ ಒಳಗಿಂದ ಬಂದ ಮಾತು ತೊದಲುತ್ತಿತ್ತು. ಹೊರಗೆ ಕರೆತಂದಾಗ ಬಾಯಿ ಎಡಕ್ಕೆ ವಾಲಿತ್ತು, ಬಲಗೈ ಎತ್ತಲು ಆಗುತ್ತಿರಲಿಲ್ಲ. ನಮ್ಮ ಕಡೆ ಇದಕ್ಕೆ ಲಕ್ವಾ ಹೊಡೀತು ಅಂತಾರೆ. ಡಾಕ್ಟರುಗಳು ಸ್ಟ್ರೋಕ್ ಎನ್ನುತ್ತಾರೆ.

ತಂಗಿ ಆ ಬಡಾವಣೆಗೆ ಬಂದು ಎರಡೇ ವಾರ ಆಗಿತ್ತು. ಅವಳಿಗೂ ಅಲ್ಲಿಯ ಆಸ್ಪತ್ರೆಗಳ ಪರಿಚಯ ಇರಲಿಲ್ಲ. ಮುಂದಿನ ರಸ್ತೆಯಲ್ಲಿ ‘24 ಗಂಟೆ ತುರ್ತು ಚಿಕಿತ್ಸೆ’ ಎಂದು ದೊಡ್ಡ ಬೋರ್ಡ್ ಹಾಕಿದ ಒಂದು ನರ್ಸಿಂಗ್ ಹೋಮ್ ಇತ್ತು. ಏಳು ಗಂಟೆಗೆ ಅಲ್ಲಿದ್ದೆವು. ಡ್ಯೂಟಿ ಡಾಕ್ಟರ್ ಬಂದು ಬಿಪಿ, ಶುಗರ್ ನೋಡಿದರು. ಡ್ರಿಪ್ ಹಾಕಿದರು. ‘ಸಿಟಿ ಸ್ಕ್ಯಾನ್ ಮಾಡಬೇಕು, ಟೆಕ್ನಿಷಿಯನ್ ಒಂಬತ್ತಕ್ಕೆ ಬರ್ತಾರೆ’ ಎಂದು ನಮಗೆ ಗೊತ್ತಾದಾಗ 7.45. ಮುಕ್ಕಾಲು ಗಂಟೆ ಹೋಗಿಬಿಟ್ಟಿತ್ತು. ಆ ಡಾಕ್ಟರದು ತಪ್ಪು ಎಂದು ನಾನು ಹೇಳುವುದಿಲ್ಲ. ಅವರು ತಮ್ಮ ಕೈಲಾದದ್ದು ಮಾಡಿದರು. ಆದರೆ ಸ್ಕ್ಯಾನ್ ಇಲ್ಲದ ಕಡೆ ಸ್ಟ್ರೋಕ್ ರೋಗಿಯನ್ನು ಹಾಸಿಗೆಗೆ ಹಾಕಿಕೊಳ್ಳುವ ಬದಲು ಬಾಗಿಲಲ್ಲೇ ‘ಬೇರೆ ಕಡೆ ಓಡಿ’ ಎನ್ನಬೇಕಿತ್ತು.

ಸ್ಕ್ಯಾನ್‌ಗೆ ಇಷ್ಟು ಅವಸರ ಯಾಕೆ ಎಂಬುದು ನನಗೂ ಅವತ್ತೇ ಗೊತ್ತಾದದ್ದು. ಸ್ಟ್ರೋಕ್‌ನಲ್ಲಿ ಎರಡು ಬಗೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಹೆಪ್ಪು ಇದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ರಕ್ತ ಸೋರುತ್ತಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತದೆ. ಹಾಗಾಗಿ ಸ್ಕ್ಯಾನ್ ಆಗದೆ ಯಾವ ಡಾಕ್ಟರೂ ಅದನ್ನು ಕೊಡುವ ಹಾಗಿಲ್ಲ. ಸಾಮಾನ್ಯವಾಗಿ ಆ ಇಂಜೆಕ್ಷನ್ ಕೊಡಬಹುದಾದ ಅವಧಿ ನಾಲ್ಕೂವರೆ ಗಂಟೆ. ಅದರೊಳಗೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಈ ನಾಲ್ಕೂವರೆ ಗಂಟೆಯ ಲೆಕ್ಕದಲ್ಲಿ ನಾವೆಲ್ಲ ಎಡವುತ್ತೇವೆ. ನಾವು ಅಪ್ಪನನ್ನು ನೋಡಿದ್ದು 6.40ಕ್ಕೆ. ಆದರೆ ಲೆಕ್ಕ ಶುರುವಾಗುವುದು ಅವರು ಕೊನೆಯ ಸಲ ಸರಿಯಾಗಿದ್ದದ್ದನ್ನು ಯಾರಾದರೂ ಕಂಡ ಹೊತ್ತಿನಿಂದ. ಅಂದರೆ ಕಾಫಿ ಕುಡಿದ 6.15ರಿಂದ. ನಮಗಿದ್ದ ಗಡುವು 10.45. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಆರಕ್ಕೆ ಹೀಗೆ ಎದ್ದರೆ ಲೆಕ್ಕ ರಾತ್ರಿ ಹತ್ತರಿಂದಲೇ. ಆಗಲೂ ಕೈಚೆಲ್ಲಬೇಕಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಎಂಆರ್‌ಐ ಮಾಡಿ, ಇನ್ನೂ ಉಳಿಸಬಹುದಾದ ಭಾಗ ಇದೆಯಾ ಎಂದು ನೋಡುತ್ತಾರೆ.

ನಮ್ಮನ್ನು ಕಾಪಾಡಿದ್ದು ತಂಗಿಯ ಮೇಲಿನ ಮನೆಯ ಹುಡುಗಿ. ನರ್ಸಿಂಗ್ ಓದಿದವಳು. ಗಲಾಟೆ ಕೇಳಿ ನರ್ಸಿಂಗ್ ಹೋಮ್‌ಗೇ ಬಂದಳು. ಅಷ್ಟು ಹೊತ್ತಿಗೆ ನಾನು ಮೊಬೈಲಿನ ಮ್ಯಾಪ್‌ನಲ್ಲಿ ‘ಬೆಸ್ಟ್ ಹಾಸ್ಪಿಟಲ್’ ಎಂದು ಹುಡುಕಿ ನಕ್ಷತ್ರ ಎಣಿಸುತ್ತಾ ನಿಂತಿದ್ದೆ. ‘ಅಣ್ಣಾ, ಸ್ಟಾರ್ ನೋಡ್ಬೇಡಿ. ಪಾರ್ಕಿಂಗ್ ಚೆನ್ನಾಗಿದೆ ಅಂತಾನೂ ಐದು ಸ್ಟಾರ್ ಕೊಡ್ತಾರೆ. ಫೋನ್ ಮಾಡಿ ಕೇಳೋಣ’ ಎಂದಳು. ಎಂಟು ನಿಮಿಷದಲ್ಲಿ ಮೂರು ಕಡೆ ಫೋನ್ ಮಾಡಿದಳು. ಅವಳ ಮಾತನ್ನು ನೆನಪಿದ್ದ ಹಾಗೇ ಬರೆಯುತ್ತೇನೆ, ಯಾಕೆಂದರೆ ಈ ಪತ್ರ ಬರೆಯುತ್ತಿರುವುದೇ ಇದಕ್ಕಾಗಿ.

‘ಎಮರ್ಜೆನ್ಸಿಗೆ ಕನೆಕ್ಟ್ ಮಾಡಿ. ಸ್ಟ್ರೋಕ್ ಅನುಮಾನ ಇದೆ. 66 ವರ್ಷ, ಬಲಗಡೆ ಬಿದ್ದಿದೆ, 6.15ಕ್ಕೆ ಸರಿಯಾಗಿದ್ರು. ಈಗ, ಈ ಕ್ಷಣ, ಸಿಟಿ ಮಾಡೋರು ಇದಾರಾ? ಹೆಪ್ಪು ಕರಗಿಸೋ ಇಂಜೆಕ್ಷನ್ ನಿಮ್ಮಲ್ಲೇ ಕೊಡ್ತೀರಾ? ಕೊಡೋದನ್ನ ನಿರ್ಧಾರ ಮಾಡೋ ಡಾಕ್ಟರ್ ಈಗ ಸಿಗ್ತಾರಾ?’

ಮೊದಲ ಆಸ್ಪತ್ರೆಯಲ್ಲಿ ಸಿಟಿ ಇತ್ತು, ಆದರೆ ರೋಗಿ ಬಂದ ಮೇಲೆ ನರರೋಗ ತಜ್ಞರಿಗೆ ಹೇಳಿಕಳಿಸುತ್ತೇವೆ ಎಂದರು. ಎರಡನೆಯದು ದೊಡ್ಡ ಹೆಸರಿನದು. ಫೋನ್ ಎತ್ತಿದವರು ಮೂರು ಪ್ರಶ್ನೆಗೂ ‘ಕರ್ಕೊಂಡು ಬನ್ನಿ ಮೇಡಂ, ಎಲ್ಲಾ ಫೆಸಿಲಿಟಿ ಇದೆ’ ಎಂದೇ ಹೇಳಿದರು. ಅವರಿಗೆ ನಿಜ ಗೊತ್ತಿಲ್ಲ ಅಂತ ಹುಡುಗಿ ಅಲ್ಲೇ ಬಿಟ್ಟಳು. ಮೂರನೆಯ ಕಡೆ ಫೋನನ್ನು ನೇರ ಡ್ಯೂಟಿ ಡಾಕ್ಟರ್ ಕೈಗೆ ಕೊಟ್ಟರು. ಅವರೇ ನಮ್ಮನ್ನು ಕೇಳತೊಡಗಿದರು. ಶುಗರ್ ಎಷ್ಟಿದೆ? ರಕ್ತ ತೆಳು ಮಾಡುವ ಮಾತ್ರೆ ತಗೋತಾರಾ? ಇತ್ತೀಚೆಗೆ ಆಪರೇಷನ್ ಏನಾದರೂ ಆಗಿದೆಯಾ? ಎಷ್ಟು ನಿಮಿಷದಲ್ಲಿ ಬರ್ತೀರಿ? ಹುಡುಗಿ ನಮ್ಮ ಕಡೆ ತಿರುಗಿ ‘ಇಲ್ಲಿಗೆ’ ಎಂದಳು. ತಿರುಗಿ ಪ್ರಶ್ನೆ ಕೇಳುವ ಆಸ್ಪತ್ರೆ ಈ ಕೆಲಸ ದಿನಾ ಮಾಡುವ ಆಸ್ಪತ್ರೆ ಎಂದು ಆಮೇಲೆ ನನಗೆ ವಿವರಿಸಿದಳು. ನಾವು ಹೊರಡುವ ಹೊತ್ತಿಗೇ ಅಲ್ಲಿ ಸ್ಕ್ಯಾನ್ ರೂಮಿಗೆ ಸುದ್ದಿ ಹೋಗಿತ್ತು.

ಅದು ಹತ್ತಿರದ ಆಸ್ಪತ್ರೆಯಲ್ಲ. ದಾರಿಯಲ್ಲಿ ಇನ್ನೂ ಎರಡು ಆಸ್ಪತ್ರೆ ದಾಟಿ ಹೋದೆವು. ಕರೆತಂದ ಖಾಸಗಿ ಆಂಬುಲೆನ್ಸ್ ಡ್ರೈವರ್ ಒಂದರ ಮುಂದೆ ವೇಗ ಕಡಿಮೆ ಮಾಡಿ ‘ಇಲ್ಲೇ ಚೆನ್ನಾಗಿ ನೋಡ್ತಾರೆ ಸರ್’ ಎಂದ. ಬೇಡ ಎಂದು ಗಟ್ಟಿಯಾಗಿ ಹೇಳಬೇಕಾಯಿತು. ಮನಸ್ಸಿಗೆ ಭಯ ಇದ್ದೇ ಇತ್ತು. ರೋಗಿ ಜೊತೆಗಿದ್ದಾಗ ಆಸ್ಪತ್ರೆಯ ಬಾಗಿಲು ದಾಟಿ ಮುಂದೆ ಹೋಗುವುದು ಸುಲಭ ಅಲ್ಲ, ಅಲ್ವಾ? ಉಸಿರು ನಿಲ್ಲುತ್ತಿದ್ದರೆ, ಎಚ್ಚರ ತಪ್ಪಿದ್ದರೆ, ಹತ್ತಿರದ ಆಸ್ಪತ್ರೆಯೇ ಸರಿ. ಅಪ್ಪ ಎಚ್ಚರ ಇದ್ದರು, ಉಸಿರಾಟ ಸರಿ ಇತ್ತು. ಅದಕ್ಕೇ ಆ ಹುಡುಗಿ ಧೈರ್ಯ ಮಾಡಿದ್ದು.

8.35ಕ್ಕೆ ತಲುಪಿದೆವು. 8.50ಕ್ಕೆ ಸ್ಕ್ಯಾನ್ ಮುಗಿಯಿತು. ‘ಸ್ಕ್ಯಾನ್ ನಾರ್ಮಲ್ ಇದೆ’ ಎಂದಾಗ ನಮ್ಮ ಚಿಕ್ಕಪ್ಪ ದೇವರಿಗೆ ಕೈಮುಗಿದು, ಹಾಗಾದರೆ ಏನೂ ಆಗಿಲ್ಲ ಎಂದುಕೊಂಡರು. ಡಾಕ್ಟರ್ ತಿದ್ದಿದರು. ಮೊದಲ ಕೆಲವು ಗಂಟೆಗಳಲ್ಲಿ ಹೆಪ್ಪಿನ ಸ್ಟ್ರೋಕ್ ಸಿಟಿಯಲ್ಲಿ ಕಾಣದೇ ಇರಬಹುದು. ರಕ್ತ ಸೋರಿದ್ದರೆ ಮಾತ್ರ ಆಗಲೇ ಬೆಳ್ಳಗೆ ಕಾಣುತ್ತದೆ. ಅಂದರೆ ಸೋರಿಲ್ಲ, ಇಂಜೆಕ್ಷನ್ ಕೊಡಬಹುದು ಎಂದು ಅರ್ಥ. ಎಲ್ಲಾದರೂ ‘ಸ್ಕ್ಯಾನ್ ನಾರ್ಮಲ್, ಮನೆಗೆ ಹೋಗಿ’ ಎಂದು ಕಳಿಸಿದರೆ, ಕೈ ಇನ್ನೂ ಬಿದ್ದೇ ಇದ್ದರೆ, ದಯವಿಟ್ಟು ಮನೆಗೆ ಹೋಗಬೇಡಿ. ಬಿಪಿ 185/110ಕ್ಕಿಂತ ಮೇಲಿದ್ದರೆ ಇಂಜೆಕ್ಷನ್ ಕೊಡುವಂತಿಲ್ಲ. ಅಪ್ಪನದು ಜಾಸ್ತಿ ಇತ್ತು. ಅದನ್ನು ಇಳಿಸಿ, 9.20ಕ್ಕೆ ಕೊಟ್ಟರು.

ಎಲ್ಲರಿಗೂ ಇಂಜೆಕ್ಷನ್ ಒಂದೇ ಸಾಲುವುದಿಲ್ಲ. ದೊಡ್ಡ ರಕ್ತನಾಳದಲ್ಲೇ ಹೆಪ್ಪು ಕೂತಿದ್ದರೆ ತೊಡೆಯ ಅಥವಾ ಕೈಯ ನಾಳದಿಂದ ತಂತಿ ಹಾಕಿ ಅದನ್ನು ಎಳೆದು ತೆಗೆಯುತ್ತಾರೆ. ಅದಕ್ಕೆ ಕ್ಯಾಥ್ ಲ್ಯಾಬ್ ಎಂಬ ಪ್ರತ್ಯೇಕ ಕೋಣೆ ಬೇಕು, ಕಲಿತ ಕೈ ಬೇಕು. ಕೆಲವರಲ್ಲಿ 24 ಗಂಟೆಯವರೆಗೂ ಮಾಡಬಹುದು. ಹಾಗಾಗಿ ಹೊತ್ತು ಮೀರಿದೆ ಎಂದು ತಾವೇ ತೀರ್ಮಾನಿಸಿ ನಾಟಿ ಎಣ್ಣೆ ತಿಕ್ಕಿಸಲು ಊರಿಗೆ ಕರೆದೊಯ್ಯುವುದು ಬೇಡ. ನಮಗೂ ಆ ಸಲಹೆ ಇಬ್ಬರು ನೆಂಟರಿಂದ ಬಂತು. ಬೆಂಗಳೂರಲ್ಲಿ ಯಾರೂ ಗೊತ್ತಿಲ್ಲದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಮೆದುಳು, ನರದ ತುರ್ತು ಚಿಕಿತ್ಸೆಗೆ ಹಗಲು ರಾತ್ರಿ ತೆರೆದಿರುವ ಸರ್ಕಾರಿ ಸಂಸ್ಥೆ. ಹೃದಯದ ತೊಂದರೆಯಾದರೆ ಜಯದೇವ. ಬೆಂಗಳೂರಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ಈ ಎರಡು ಹೆಸರು ನೆನಪಿರಲಿ, ಆದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ತಲುಪಲು ಎಷ್ಟು ಹೊತ್ತು ಎಂಬುದನ್ನೂ ಲೆಕ್ಕ ಹಾಕಿ.

ಇನ್ನು ದುಡ್ಡಿನ ವಿಷಯ. ಆ ಇಂಜೆಕ್ಷನ್‌ಗೇ ಹತ್ತಾರು ಸಾವಿರ ಆಗುತ್ತದೆ. ಬೇರೆ ಊರಲ್ಲಿ ಅಷ್ಟು ದುಡ್ಡು ಕೈಯಲ್ಲಿ ಇರುವುದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ ತುರ್ತು ಸಂದರ್ಭದಲ್ಲಿ ಮುಂಗಡ ಕಟ್ಟಿದರೇ ಚಿಕಿತ್ಸೆ ಎಂದು ಆಸ್ಪತ್ರೆ ಹಟ ಹಿಡಿಯುವಂತಿಲ್ಲ. ದೂರು ಕೊಡಲು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ ಇದೆ. ಇದನ್ನು ಕೌಂಟರ್‌ನಲ್ಲಿ ಜಗಳವಾಡದೆ, ನಿಧಾನವಾಗಿ ಹೇಳಿದರೂ ಸಾಕು. ನಾವು ಹಾಗೇ ಹೇಳಿದೆವು. ಮೊದಲು ಚಿಕಿತ್ಸೆ ಶುರು ಮಾಡಿದರು, ಮಧ್ಯಾಹ್ನ ದುಡ್ಡು ಕಟ್ಟಿದೆವು.

ಒಂದು ಮಾತು ಎನ್‌ಎಬಿಎಚ್ ಮಾನ್ಯತೆಯ ಬಗ್ಗೆ. ಆ ಫಲಕ ಇರುವ ಆಸ್ಪತ್ರೆ ಗುಣಮಟ್ಟದ ಪರೀಕ್ಷೆ ದಾಟಿರುತ್ತದೆ. ಮೊಣಕಾಲು ಆಪರೇಷನ್‌ಗೆ ಆಸ್ಪತ್ರೆ ಹುಡುಕುವಾಗ ಅದನ್ನು ಖಂಡಿತ ನೋಡಿ. ಆದರೆ ಇವತ್ತು ಬೆಳಗಿನ ಜಾವ ಸ್ಕ್ಯಾನ್ ಮಾಡುವವರು ಬಂದಿದ್ದಾರಾ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಫೋನಿನಲ್ಲೇ ಕೇಳಬೇಕು.

ಈ ಮಾಹಿತಿ ಮೇಲಿನ ಮನೆಯಲ್ಲಿ ನರ್ಸ್ ಇದ್ದವರಿಗೆ ಮಾತ್ರ ಸಿಗುವಂತಾಗಬಾರದು. ಹೃದಯಾಘಾತಕ್ಕೆ ಸರ್ಕಾರ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಇಂಜೆಕ್ಷನ್ ಕೊಡುವ ವ್ಯವಸ್ಥೆ ಅದು. ಸ್ಟ್ರೋಕ್‌ಗೂ ಜನ ಎಲ್ಲಿಗೆ ಹೋಗಬೇಕು ಎಂಬುದು ಅಷ್ಟೇ ಸ್ಪಷ್ಟವಾಗಬೇಕು. ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇದು: ಪ್ರತಿ ಜಿಲ್ಲೆಯಲ್ಲಿ ರಾತ್ರಿಯಿಡೀ ಸಿಟಿ ಮಾಡುವ, ಸ್ಟ್ರೋಕ್ ಇಂಜೆಕ್ಷನ್ ಕೊಡುವ ಆಸ್ಪತ್ರೆಗಳ ಪಟ್ಟಿ ಮಾಡಿ. ಎಮರ್ಜೆನ್ಸಿ ವಾರ್ಡಿನ ನೇರ ಫೋನ್ ನಂಬರ್ ಅದರಲ್ಲಿ ಇರಲಿ. ಬಸ್ ನಿಲ್ದಾಣ, ರೈಲು ನಿಲ್ದಾಣ, ಕಲ್ಯಾಣ ಮಂಟಪ, ಲಾಡ್ಜುಗಳಲ್ಲಿ ತೂಗುಹಾಕಿ. ಹೊರಗಿನಿಂದ ಬಂದವರು ಇರುವುದು ಅಲ್ಲೇ. 108 ಆಂಬುಲೆನ್ಸ್ ಸಿಬ್ಬಂದಿಯ ಕೈಯಲ್ಲೂ ಅದೇ ಪಟ್ಟಿ ಇರಲಿ. ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಮ್‌ಗಳು ‘ಇಲ್ಲಿ ಸ್ಟ್ರೋಕ್ ಚಿಕಿತ್ಸೆ ಇಲ್ಲ, ಹತ್ತಿರದಲ್ಲಿ ಇರುವುದು ಇಲ್ಲಿ’ ಎಂದು ಬಾಗಿಲಲ್ಲೇ ಬರೆಯುವಂತೆ ಮಾಡಿ.

ಅಪ್ಪ ಈಗ ಮಾತಾಡುತ್ತಾರೆ. ಬಲಗೈಯಲ್ಲಿ ಇನ್ನೂ ಶಕ್ತಿ ಪೂರ್ತಿ ಬಂದಿಲ್ಲ, ಲೋಟ ಎತ್ತಲು ಎಡಗೈ ಜೊತೆಗೆ ಬೇಕು. ನರ್ಸಿಂಗ್ ಹೋಮ್‌ನಲ್ಲಿ ಹೋದ ಆ ಮುಕ್ಕಾಲು ಗಂಟೆ ನೆನಪಾದಾಗಲೆಲ್ಲ ನಾನು ಆ ಲೋಟದ ಕಡೆ ನೋಡುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ರಾಣೆಬೆನ್ನೂರು