ಆ ‘ಪಾಸ್’ ಯಾವ ಪರೀಕ್ಷೆಯದು?

ಮಾನ್ಯರೇ,

ನಮ್ಮ ನೆರೆಮನೆಯ ಮಗುವಿಗೆ ಹುಟ್ಟಿದಾಗ ಕಾಮಾಲೆ ವಿಪರೀತವಾಗಿ ರಕ್ತ ಬದಲಾಯಿಸಬೇಕಾಯಿತು. ಮನೆಗೆ ಬಿಡುವ ಮುನ್ನ ಒ.ಎ.ಇ. ಶ್ರವಣ ಪರೀಕ್ಷೆಯಲ್ಲಿ ‘ಪಾಸ್’. ಆರು ತಿಂಗಳಾದರೂ ಕರೆದರೆ ತಿರುಗದು. ಕಿವಿಯ ನರದ ದಾರಿಯನ್ನು ನೋಡುವ ಬೆರಾ ಪರೀಕ್ಷೆ ಮಾಡಿಸಿದರೆ ನರದ ಅಲೆಗಳೇ ಇಲ್ಲ!

ಒ.ಎ.ಇ. ಕಿವಿಗೆ ಶಬ್ದ ಬಿಟ್ಟು, ಒಳಕಿವಿಯ ಕೂದಲುಕೋಶಗಳಿಂದ ಮರಳುವ ಕ್ಷೀಣ ಧ್ವನಿಯನ್ನು ಅಳೆಯುತ್ತದೆ, ಅಷ್ಟೇ. ಆಚೆಗಿನ ನರದ ಸುದ್ದಿ ಅದಕ್ಕಿಲ್ಲ. ಕಾಮಾಲೆ ಕೆಡಿಸುವುದು ಹೆಚ್ಚಾಗಿ ಆ ನರದ ದಾರಿಯನ್ನೇ. ಮಲಗಿದ ಮಗುವಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಬೆರಾದಲ್ಲಿ ಅದು ಗೊತ್ತಾಗುತ್ತದೆ.

ರಕ್ತ ಬದಲಾಯಿಸಿದ ಅಥವಾ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ 5 ದಿನ ಮೀರಿ ಇದ್ದ ಶಿಶುಗಳಿಗೆ ಬೆರಾ ಕಡ್ಡಾಯವಾಗಲಿ. ಕಾಸರಗೋಡಿನ ಆಸ್ಪತ್ರೆಗಳು ಚೀಟಿಯಲ್ಲಿ ಪರೀಕ್ಷೆಯ ಹೆಸರನ್ನೂ, ಕನ್ನಡದಲ್ಲೂ, ಬರೆಯಲಿ.

– ಓರ್ವ ಓದುಗ, ಕುಂಬಳೆ